ಏಕರೂಪ ಸಂಖ್ಯೆಗಳಿಂದ ನಾರ್ಮಲ್ ಸಂಖ್ಯೆಗಳು

ಪ್ರಶ್ನೆ: ನನ್ನ ಬಳಿ 0 ಮತ್ತು 1ರ ನಡುವಿನ ಏಕರೂಪ ಯಾದೃಚ್ಛಿಕ ಸಂಖ್ಯೆಗಳು ಮಾತ್ರ ಇವೆ. ಅವುಗಳಿಂದ ನಾರ್ಮಲ್ ವಿತರಣೆಯ ಸಂಖ್ಯೆಗಳನ್ನು ಪಡೆಯುವುದು ಹೇಗೆ?

ಉತ್ತರ: ಸಂಚಿತ ವಿತರಣಾ ಫಲನ `F` ಆಗಿದ್ದರೆ, ಏಕರೂಪ ಸಂಖ್ಯೆ `U`ಗೆ ಅದರ ವಿಲೋಮವನ್ನು ಅನ್ವಯಿಸಿದಾಗ ಬೇಕಾದ ವಿತರಣೆಯ ಸಂಖ್ಯೆಯೇ ಸಿಗುತ್ತದೆ. ಆದರೆ ನಾರ್ಮಲ್ ವಿತರಣೆಯ ವಿಲೋಮಕ್ಕೆ ಸರಳ ಸೂತ್ರವಿಲ್ಲ. ಒಂದರ ಬದಲು ಎರಡು ಸ್ವತಂತ್ರ ನಾರ್ಮಲ್ ಸಂಖ್ಯೆಗಳನ್ನು ಒಂದು ಬಿಂದುವಿನ ನಿರ್ದೇಶಾಂಕಗಳೆಂದು ನೋಡಿದರೆ ಈ ತೊಡಕು ಕರಗುತ್ತದೆ, ಏಕೆಂದರೆ ಮೂಲಬಿಂದುವಿನಿಂದ ಅದಕ್ಕಿರುವ ದೂರದ ವರ್ಗವು ಸರಾಸರಿ 2 ಇರುವ ಘಾತೀಯ ವಿತರಣೆಯನ್ನು ಪಾಲಿಸುತ್ತದೆ. ಅದರ ವಿಲೋಮ ರೂಪ ಕೇವಲ `-2 ln U`.

ಇನ್ನು ಉಳಿಯುವುದು ದಿಕ್ಕು. ಅದಕ್ಕೆ ನಿರಾಕರಣೆಯ ವಿಧಾನವೇ ನನಗೆ ಹೆಚ್ಚು ಇಷ್ಟ. -1ರಿಂದ 1ರೊಳಗೆ `u`, `v` ಆರಿಸಿ, `s = u² + v²` ಎಂಬುದು 1 ಅಥವಾ ಹೆಚ್ಚಿದ್ದರೆ, ಇಲ್ಲವೇ 0 ಆಗಿದ್ದರೆ, ಜೋಡಿಯನ್ನೇ ಬಿಟ್ಟು ಹೊಸದನ್ನು ಆರಿಸಬೇಕು. ಸುಮಾರು 78.5% ಜೋಡಿಗಳು ಉಳಿಯುತ್ತವೆ. ಉಳಿದವುಗಳಲ್ಲಿ `s` ತಾನೇ ಏಕರೂಪವಾಗಿದ್ದು, ದಿಕ್ಕಿನಿಂದ ಸ್ವತಂತ್ರವಾಗಿರುವುದರಿಂದ ಅದನ್ನೇ `U` ಆಗಿ ಬಳಸಬಹುದು:

```
k = sqrt(-2*ln(s)/s)
x = u*k
y = v*k
```

ಉದಾಹರಣೆಗೆ `u = 0.6`, `v = -0.3` ಆದರೆ `s = 0.45`, `k ≈ 1.884`. ಆಗ `x ≈ 1.130`, `y ≈ -0.565`. ಎರಡೂ ಬಳಕೆಗೆ ಯೋಗ್ಯ. ಫಲಿತಾಂಶದಲ್ಲಿ `NaN` ಕಂಡರೆ, ನಿರಾಕರಣೆಯ ಷರತ್ತು ತಪ್ಪಿದೆಯೇ ಎಂದು ಮೊದಲು ನೋಡಿ: `s` 1ನ್ನು ದಾಟಿದರೆ ವರ್ಗಮೂಲದೊಳಗಿನ ಸಂಖ್ಯೆ ಋಣವಾಗುತ್ತದೆ.