ತಂಗಿಗೆ ‘ನೀವು’ ಅಂದರೆ ಬೇಜಾರಾಗದೇ ಇರುತ್ತದಾ?

*ಹೊಸ ವರ್ಷಕ್ಕೆ ಒಂದು ಸಂದೇಶ ಬರೆದೆ: “ನಿಮಗೆ ಹೊಸ ವರ್ಷದ ಶುಭಾಶಯಗಳು. ನೀವು ಅಂದುಕೊಂಡಿದ್ದೆಲ್ಲ ನೆರವೇರಲಿ. ಖುಷಿಯಾಗಿರಿ.” ಅದನ್ನೇ ದೊಡ್ಡಪ್ಪನಿಗೆ, ಆಫೀಸಿನ ಹಿರಿಯರಿಗೆ, ಚಿಕ್ಕಪ್ಪನ ಮಗಳಿಗೆ ಬೇರೆ ಬೇರೆಯಾಗಿ ಕಳಿಸಿದೆ. ತಂಗಿ “ಏನಕ್ಕಾ, ಇಷ್ಟು ದೂರ ಮಾಡಿಬಿಟ್ಟೆ?” ಅಂದಳು. ಯಾರಿಗೆ ಹೇಗೆ ಬರೆಯಬೇಕು? — ಓದುಗರೊಬ್ಬರು*

ನಿಮ್ಮ ತಂಗಿಯ ಬೇಜಾರು ನಿಜವಾದದ್ದೇ. ದಿನಾ ‘ಬಾರೇ, ಹೋಗೇ’ ಅನ್ನುವ ಅಕ್ಕ ಇದ್ದಕ್ಕಿದ್ದಂತೆ ‘ನೀವು’ ಅಂದರೆ ಅದು ಗೌರವ ಅನ್ನಿಸುವುದಿಲ್ಲ, ಮುನಿಸು ಅನ್ನಿಸುತ್ತದೆ.

ಅವಳಿಗೆ ಬರೆಯುವಾಗ ‘ನೀವು’ ತೆಗೆದು ‘ನೀನು’ ಹಾಕಿದರೆ ಮುಗಿಯಿತು ಅಂದುಕೊಳ್ಳಬೇಡಿ. ಹಾಗೆ ತಿದ್ದಿದವರ ಸಂದೇಶದಲ್ಲಿ ‘ನೀನು’ ಮೊದಲಿಗೆ, ‘ಖುಷಿಯಾಗಿರಿ’ ಕೊನೆಗೆ ಉಳಿದಿರುತ್ತದೆ. ಓದಿದರೆ ಕಾಲಿಗೆ ಕಲ್ಲು ಎಡವಿದ ಹಾಗೆ. ಕನ್ನಡದಲ್ಲಿ ಸಲುಗೆ, ಗೌರವ ಎರಡೂ ಕ್ರಿಯಾಪದದ ತುದಿಯಲ್ಲೂ ಇವೆ: ಇರು–ಇರಿ, ಬಾ–ಬನ್ನಿ, ಹೇಗಿದ್ದೀಯ–ಹೇಗಿದ್ದೀರಿ. ಹಾಗಾಗಿ ಕಳಿಸುವ ಮೊದಲು ಪ್ರತಿ ವಾಕ್ಯದ ಕೊನೆಯ ಪದ ನೋಡಿ. “ಪುಟ್ಟೀ, ಹೊಸ ವರ್ಷದ ಶುಭಾಶಯ ಕಣೇ. ಅಂದುಕೊಂಡಿದ್ದೆಲ್ಲ ಆಗಲಿ. ಖುಷಿಯಾಗಿರು.” ಇದರಲ್ಲಿ ‘ನೀನು’ ಎಲ್ಲೂ ಇಲ್ಲ, ಆದರೂ ಅಕ್ಕನ ದನಿ ಇದೆ ಅಲ್ವಾ?

ದೊಡ್ಡಪ್ಪನ ವಿಷಯ ಬೇರೆ. ಅಲ್ಲಿ ‘ನೀವು’ ಸರಿಯಾಗಿದೆ, ‘ಖುಷಿಯಾಗಿರಿ’ ಮಾತ್ರ ಕೊಂಚ ಹೊಂದುವುದಿಲ್ಲ. ರೂಪ ಗೌರವದ್ದೇ, ಆದರೆ ‘ಹೀಗಿರಿ’ ಅಂತ ಹರಸುವುದು ಹಿರಿಯರು ಕಿರಿಯರಿಗೆ. ನಾನಾಗಿದ್ದರೆ “ದೊಡ್ಡಪ್ಪ, ನಿಮಗೆ ಹೊಸ ವರ್ಷದ ಶುಭಾಶಯಗಳು. ನಿಮ್ಮ ಆರೋಗ್ಯ ಚೆನ್ನಾಗಿರಲಿ. ನಿಮ್ಮ ಆಶೀರ್ವಾದ ನಮ್ಮ ಮೇಲಿರಲಿ” ಅಂತ ಬರೆಯುತ್ತಿದ್ದೆ. ‘ಇರಲಿ’, ‘ಆಗಲಿ’ ಬಹಳ ಉಪಕಾರಿ. ಎದುರಿಗಿರುವವರು ಯಾರೇ ಆದರೂ ಅವು ಬದಲಾಗುವುದಿಲ್ಲ.

ಹಾಗಂತ ಹಿರಿಯರೆಲ್ಲರಿಗೂ ‘ನೀವು’ ಅಂತಲೂ ಇಲ್ಲ. ಎಷ್ಟೋ ಮನೆಗಳಲ್ಲಿ ಅಮ್ಮ, ಅಜ್ಜಿಗೆ ‘ನೀನು’ ಅಂತಲೇ ಕರೆಯುತ್ತಾರೆ. ಬಾಯಲ್ಲಿ ಯಾವುದು ಬರುತ್ತದೋ ಕಾಗದದಲ್ಲೂ ಅದೇ ಇರಲಿ. “ಅಜ್ಜೀ, ಹೇಗಿದ್ದೀಯ?” ಅನ್ನುವುದರಲ್ಲಿ ಗೌರವಕ್ಕೇನೂ ಕಮ್ಮಿಯಿಲ್ಲ, ‘ಅಜ್ಜೀ’ ಅನ್ನುವ ಕರೆಯಲ್ಲೇ ಅದು ಬಂದಿರುತ್ತದೆ.

ಆಫೀಸಿನ ಹಿರಿಯರಿಗೆ ‘ಸರ್’ ಅಥವಾ ‘ಮೇಡಂ’ ಜೊತೆ ‘ನಿಮಗೆ’ ಸಾಕು. ‘ತಾವು’ ಆಹ್ವಾನ ಪತ್ರಿಕೆಗೆ ಚೆನ್ನ, ದಿನಾ ಎದುರಾಗುವವರಿಗೆ ಜಾಸ್ತಿ ಆಯಿತು.

ಇನ್ನೊಂದು ಮಾತು. ಇದೇ ಸಂದೇಶವನ್ನು ಮನೆಯವರೆಲ್ಲ ಇರುವ ಗುಂಪಿಗೆ “ಎಲ್ಲರಿಗೂ” ಅಂತ ಶುರುಮಾಡಿ ಹಾಕಿದ್ದರೆ ನಿಮ್ಮ ತಂಗಿ ಏನೂ ಅನ್ನುತ್ತಿರಲಿಲ್ಲ. ಅಲ್ಲಿ ‘ನೀವು’ ಅಂದರೆ ಬಹುವಚನ, ಅವಳೂ ಅದರೊಳಗೆ ಒಬ್ಬಳು.