ಶಿಕ್ಷಣ ಸಾಲ: ಉಳಿದ ಐದು ಸಾವಿರ ಸಾಲಕ್ಕೋ, ಎಸ್‌ಐಪಿಗೋ?

ಪ್ರಶ್ನೆ: ನಾನು ಕಾರವಾರದವನು, ಕೆಲಸಕ್ಕೆ ಸೇರಿ ಎಂಟು ತಿಂಗಳಾಯಿತು. 10.5% ಬದಲಾಗುವ ಬಡ್ಡಿಯ 6 ಲಕ್ಷ ಶಿಕ್ಷಣ ಸಾಲ, ಏಳು ವರ್ಷದ ಅವಧಿ, ಈಗಷ್ಟೇ ಕಂತು ಶುರು. ತಿಂಗಳಿಗೆ 5,000 ಉಳಿಯುತ್ತದೆ. ಸಾಲ ಬೇಗ ತೀರಿಸಲೇ, ಎಸ್‌ಐಪಿ ಮಾಡಲೇ?

ಉತ್ತರ: ಸಾಲಕ್ಕೇ ಕಟ್ಟಿ, ಆದರೆ ಮೊದಲ ತಿಂಗಳಿನಿಂದಲೇ ಬೇಡ.

ನಿಮ್ಮ ಕಂತು ಸುಮಾರು 10,116 ರೂಪಾಯಿ ಇರಬೇಕು. ಅದರಲ್ಲಿ ಮೊದಲ ತಿಂಗಳು 5,250 ಬಡ್ಡಿಗೇ ಹೋಗುತ್ತದೆ. ಏಳು ವರ್ಷಕ್ಕೆ ಒಟ್ಟು ಬಡ್ಡಿ ಸುಮಾರು 2.5 ಲಕ್ಷ. ತಿಂಗಳಿಗೆ 5,000 ಹೆಚ್ಚು ಕಟ್ಟಿದರೆ ಸಾಲ 49 ತಿಂಗಳಲ್ಲಿ ತೀರಿ, ಬಡ್ಡಿ ಸುಮಾರು 1.4 ಲಕ್ಷಕ್ಕೆ ನಿಲ್ಲುತ್ತದೆ. ಎಸ್‌ಐಪಿ ಇದನ್ನು ಮೀರಿಸಬೇಕಾದರೆ ತೆರಿಗೆ ಕಳೆದ ಮೇಲೂ 10.5 ಶೇಕಡಕ್ಕಿಂತ ಹೆಚ್ಚು ಗಳಿಸಬೇಕು. ಷೇರು ಫಂಡು ಅಷ್ಟು ಕೊಡಲೂಬಹುದು, ನಾಲ್ಕು ವರ್ಷದ ಕೊನೆಗೆ ನಷ್ಟದಲ್ಲಿ ನಿಲ್ಲಲೂಬಹುದು. ಉಳಿಸಿದ ಬಡ್ಡಿಯಾದರೋ ಖಚಿತ. ನೀವು ಹಳೆಯ ತೆರಿಗೆ ಪದ್ಧತಿಯಲ್ಲಿ 20 ಶೇಕಡದ ಹಂತದಲ್ಲಿದ್ದರೆ, ಶಿಕ್ಷಣ ಸಾಲದ ಬಡ್ಡಿಗೆ ಸಿಗುವ ತೆರಿಗೆ ವಿನಾಯಿತಿಯಿಂದ ಅದರ ನಿಜವಾದ ಹೊರೆ ಸುಮಾರು 8.3 ಶೇಕಡಕ್ಕೆ ಇಳಿಯುತ್ತದೆ, ಆಗ ಎಸ್‌ಐಪಿಯ ವಾದಕ್ಕೆ ಸ್ವಲ್ಪ ಬಲ ಬರುತ್ತದೆ. ಹೊಸ ಪದ್ಧತಿಯಲ್ಲಿ ಆ ವಿನಾಯಿತಿಯೇ ಇಲ್ಲ.

ಮೊದಲ ತಿಂಗಳಿನಿಂದಲೇ ಬೇಡ ಎಂದದ್ದು ನನ್ನದೇ ಅನುಭವದಿಂದ. ನಮ್ಮದು ಶಿರಸಿ ಸೀಮೆಯ ಅಡಿಕೆ ತೋಟ. ಕೈಯಲ್ಲಿದ್ದುದನ್ನೆಲ್ಲ ಸಾಲಕ್ಕೆ ಸುರಿದ ವರ್ಷವೇ ಮಳೆ ಬಿಡದೆ ಹೊಯ್ದು ತೋಟಕ್ಕೆ ಕೊಳೆ ಬಂತು. ಕಟ್ಟಿದ ಹಣವನ್ನು ಬ್ಯಾಂಕು ಮರಳಿ ಕೊಡುವುದಿಲ್ಲ. ಅಮ್ಮನ ಬಳೆ ಅಡವಿಡಬೇಕಾಯಿತು. ಆದ್ದರಿಂದ ಮೂರು ತಿಂಗಳ ಖರ್ಚು ಮತ್ತು ಕಂತಿನಷ್ಟು ಹಣ ಉಳಿತಾಯ ಖಾತೆಯಲ್ಲಿ ಸೇರುವವರೆಗೆ ಆ ಐದು ಸಾವಿರವನ್ನು ಅಲ್ಲಿಯೇ ಇಡಿ. ಸಾಲಕ್ಕೆ ತಂದೆಯವರೂ ಜೊತೆಯಲ್ಲಿ ಸಹಿ ಹಾಕಿದ್ದರೆ, ನಿಮ್ಮ ಕಂತು ತಪ್ಪಿದಾಗ ಅವರ ಸಿಬಿಲ್ ಅಂಕವೂ ಕೆಡುತ್ತದೆ.

ಇನ್ನೊಂದು ಪೆಟ್ಟು ತಿಂದದ್ದು ಹಣ ಕಟ್ಟಿದ ರೀತಿಯಲ್ಲಿ. ನಾನು ಆ್ಯಪ್‌ನಲ್ಲಿ 40,000 ಹಾಕಿ ಅಸಲು ಇಳಿಯಿತೆಂದು ನೆಮ್ಮದಿಯಾಗಿದ್ದೆ. ಮುಂದಿನ ತಿಂಗಳು ಕಂತೇ ಕಡಿತವಾಗಲಿಲ್ಲ. ಖುಷಿಯಿಂದ ಆ ಹಣವನ್ನು ಖರ್ಚೂ ಮಾಡಿದೆ. ವಿಚಾರಿಸಿದಾಗ ತಿಳಿಯಿತು, ಬ್ಯಾಂಕು ಅದನ್ನು ಮುಂಗಡ ಕಂತು ಎಂದು ಬರೆದುಕೊಂಡಿತ್ತು. ಹಾಗಾಗಿ ಹೆಚ್ಚುವರಿ ಹಣ ಕಟ್ಟುವ ಮೊದಲು ಶಾಖೆಗೆ ಅರ್ಜಿ ಬರೆದು, ಇದು ಅಸಲಿನ ಭಾಗಶಃ ಮರುಪಾವತಿ, ಕಂತು ಇದ್ದಷ್ಟೇ ಇರಲಿ, ಅವಧಿ ಕಡಿಮೆಯಾಗಲಿ ಎಂದು ಸ್ಪಷ್ಟಪಡಿಸಿ. ಮರುತಿಂಗಳು ಸಾಲದ ಸ್ಟೇಟ್‌ಮೆಂಟ್ ತೆಗೆಸಿ: ಎಂದಿನ ಕಂತು ಕಡಿತವಾಗಿರಬೇಕು, ಕೊನೆಯ ಕಂತಿನ ದಿನಾಂಕ ಹಿಂದಕ್ಕೆ ಬಂದಿರಬೇಕು. ಎರಡರಲ್ಲಿ ಒಂದು ಆಗಿರದಿದ್ದರೂ, ಮುದ್ರೆ ಹಾಕಿಸಿಕೊಂಡ ಅರ್ಜಿಯ ಪ್ರತಿಯೊಂದಿಗೆ ಶಾಖೆಗೆ ಹೋಗಿ.