ಮಾರ್ಫಿನ್ ಡೋಸ್ ಏರುವುದು ಮತ್ತು ಉಸಿರು ನಿಧಾನವಾಗುವುದು

"ಅಪ್ಪನ ಕ್ಯಾನ್ಸರ್ ನೋವಿಗೆ ಕೊಡುವ ಮಾರ್ಫಿನ್ ಡೋಸ್ ಏರುತ್ತಲೇ ಇದೆ. ಇದು ಚಟವೇ? ಉಸಿರು ನಿಲ್ಲುತ್ತದೆ ಅನ್ನುತ್ತಾರಲ್ಲ, ಯಾಕೆ?"

ವೈದ್ಯರೇ ನೋವಿಗೆ ತಕ್ಕಂತೆ ಡೋಸ್ ಏರಿಸಿದ್ದರೆ ಅದನ್ನು ಚಟವೆನ್ನಲಾಗದು. ಮಾರ್ಫಿನ್ ನರಕೋಶಗಳ ಮೇಲೆ ಔಷಧ ಬಂದು ಕೂರುವ ತಾಣಗಳಾದ ಮ್ಯೂ ಗ್ರಾಹಕಗಳಿಗೆ ಅಂಟಿಕೊಂಡು ನೋವಿನ ಸಂಕೇತವನ್ನು ತಗ್ಗಿಸುತ್ತದೆ. ದಿನವೂ ಹೀಗಾದಾಗ ಗ್ರಾಹಕಗಳ ಸ್ಪಂದನ ಕುಂದಿ, ಅಷ್ಟೇ ಉಪಶಮನಕ್ಕೆ ಹೆಚ್ಚು ಔಷಧ ಬೇಕಾಗುತ್ತದೆ. ರೋಗ ಬೆಳೆದು ನೋವು ಹೆಚ್ಚಿದಾಗಲೂ ಡೋಸ್ ಏರುತ್ತದೆ. ಈ ನಡುವೆ, ಮಿದುಳಿನ ಕಾಂಡದಲ್ಲಿ ನಾರ್‌ಅಡ್ರಿನಲಿನ್ ಎಂಬ, ದೇಹವನ್ನು ಚುರುಕಾಗಿಸುವ ರಾಸಾಯನಿಕವನ್ನು ಸ್ರವಿಸುವ ಕೋಶಗಳು ತಮ್ಮನ್ನು ಅದುಮುವ ಔಷಧಕ್ಕೆ ಎದುರಾಗಿ ಚುರುಕಾಗಿರುವುದರಿಂದ, ಮಾತ್ರೆಯನ್ನು ಥಟ್ಟನೆ ನಿಲ್ಲಿಸಿದರೆ ಬೆವರು, ಭೇದಿ, ಚಡಪಡಿಕೆ ಕಾಣಿಸಿಕೊಳ್ಳುತ್ತವೆ. ದೇಹದ ಅವಲಂಬನೆಯೆಂದರೆ ಇದು. ಆದ್ದರಿಂದಲೇ ಡೋಸನ್ನು ಹಂತಹಂತವಾಗಿ ಇಳಿಸುತ್ತಾರೆ.

ಉಸಿರಾಟದ ಲಯ ಹುಟ್ಟುವುದೂ ಮಿದುಳಿನ ಕಾಂಡದಲ್ಲೇ, ಅಲ್ಲೂ ಮ್ಯೂ ಗ್ರಾಹಕಗಳಿವೆ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿದರೆ ಸಾಮಾನ್ಯವಾಗಿ ಉಸಿರು ಜೋರಾಗಬೇಕು. ಡೋಸ್ ಮಿತಿಮೀರಿದಾಗ ಆ ಎಚ್ಚರಿಕೆಯೇ ಮಂಕಾಗುತ್ತದೆ. ಉಸಿರಿನ ಮೇಲಿನ ಪರಿಣಾಮಕ್ಕೂ ದೇಹ ಒಗ್ಗಿಕೊಳ್ಳುತ್ತದೆ, ಆದರೆ ಪೂರ್ತಿಯಾಗಿ ಅಲ್ಲ. ಕೆಲವು ದಿನ ಔಷಧ ತಪ್ಪಿದರೆ ಆ ಒಗ್ಗಿಕೆಯೂ ಇಳಿಯುತ್ತದೆ. ಹಾಗಾಗಿ ಬಿಡುವಿನ ನಂತರ ವೈದ್ಯರನ್ನು ಕೇಳದೆ ಹಳೆಯ ಡೋಸನ್ನೇ ಕೊಡುವುದು ಅಪಾಯ. ನಿದ್ರೆಮಾತ್ರೆ, ಮದ್ಯ ಸೇರಿದರೆ ಅಪಾಯ ಇನ್ನೂ ಹೆಚ್ಚು. ಕರೆದರೂ ಅಲುಗಾಡಿಸಿದರೂ ಎಚ್ಚರವಾಗದಿದ್ದರೆ, ಇಲ್ಲವೇ ಉಸಿರು ನಿಮಿಷಕ್ಕೆ ಎಂಟಕ್ಕಿಂತ ಕಡಿಮೆಯಾದರೆ ತಕ್ಷಣ 108ಕ್ಕೆ ಕರೆ ಮಾಡಿ, ಮಾರ್ಫಿನ್ ಕೊಡುತ್ತಿರುವುದನ್ನು ಮೊದಲೇ ತಿಳಿಸಿ. ಮಾರ್ಫಿನ್ ಅನ್ನು ಗ್ರಾಹಕಗಳಿಂದ ಬಿಡಿಸುವ ನಲೋಕ್ಸೋನ್ ಎಂಬ ಔಷಧವಿದೆ.